ಕುಲುಮೆ ಗೋಡೆಗೆ 50 ಮಿಮೀ, ಬಿಸಿ ಎಣ್ಣೆ ಪೈಪಿಗೆ 50 ಮಿಮೀ

ಶೆಡ್ಡಿನಲ್ಲಿರುವ ಹೀಟ್ ಟ್ರೀಟ್‌ಮೆಂಟ್ ಕುಲುಮೆಯ ಪಕ್ಕ ನಿಲ್ಲುವುದೇ ಕಷ್ಟವಾಗಿತ್ತು. ಹೊರಗಿನ ಉಕ್ಕಿನ ತಗಡಿಗೆ ಹೊಡೆದಿದ್ದ ಪೇಂಟ್ ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿಲಿನ ಮೂಲೆಯಲ್ಲಂತೂ ಪೇಂಟ್ ಪೂರ್ತಿ ಉದುರಿತ್ತು. ಅದರ ಪಕ್ಕದಲ್ಲೇ ಶಾಖ ಸಾಗಿಸುವ ಥರ್ಮಿಕ್ ಎಣ್ಣೆಯ ಪೈಪ್ ಒಂದು ಬರಿಮೈಯಲ್ಲಿ ಹಾದುಹೋಗುತ್ತಿತ್ತು. ಎರಡಕ್ಕೂ ಒಟ್ಟಿಗೆ ಇನ್ಸುಲೇಷನ್ ಮಾಡೋಣ ಅಂತ ಕೆಲಸ ಹಿಡಿದೆವು. ಅದರ ಲೆಕ್ಕ ಮತ್ತು ಅನುಭವವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗೋಡೆಯಲ್ಲಿ ಏನೇನಿದೆ ಅಂತ ನೋಡಿದೆವು. ಬೆಂಕಿಯ ಕಡೆ 115 ಮಿಮೀ ಫೈರ್ ಬ್ರಿಕ್. ಅದರ ಹಿಂದೆ 115 ಮಿಮೀ ಇನ್ಸುಲೇಷನ್ ಇಟ್ಟಿಗೆ, ಅಂದರೆ ತುಂಬಾ ರಂಧ್ರಗಳಿರುವ ಹಗುರವಾದ ಇಟ್ಟಿಗೆ. ಅದರ ಹಿಂದೆ 5 ಮಿಮೀ ಉಕ್ಕಿನ ತಗಡು. ಕುಲುಮೆ ಓಡುವುದು 950 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶೆಡ್ಡಿನ ಗಾಳಿಯನ್ನು 30 ಡಿಗ್ರಿ ಅಂತ ಹಿಡಿದೆ.

ಲೆಕ್ಕದ ತಿರುಳು ಸುಲಭ. ಒಂದರ ಹಿಂದೆ ಒಂದು ನಿಂತ ಪದರಗಳಲ್ಲಿ ಪ್ರತಿಯೊಂದೂ ಶಾಖಕ್ಕೆ ತನ್ನ ಪಾಲಿನ ಅಡ್ಡಿ ಒಡ್ಡುತ್ತದೆ. ಪದರದ ದಪ್ಪ L ಅನ್ನು ಅದರ ವಾಹಕತೆ k ಯಿಂದ ಭಾಗಿಸಿದರೆ ಆ ಅಡ್ಡಿ ಸಿಗುತ್ತದೆ. ಹೊರಮೈಯಿಂದ ಗಾಳಿಗೆ ಶಾಖ ಹೋಗುವಾಗಲೂ ಒಂದು ಅಡ್ಡಿ ಇದೆ, ಅದು 1/h. ಹೊರಮೈ ಎಷ್ಟು ಸುಲಭವಾಗಿ ಶಾಖ ಬಿಡುತ್ತದೆ ಅನ್ನುವ ಅಂಕಿಯೇ h. ಎಲ್ಲವನ್ನೂ ಕೂಡಿಸಿ, ಒಳಗಿನ ಮತ್ತು ಹೊರಗಿನ ತಾಪಮಾನದ ವ್ಯತ್ಯಾಸವನ್ನು ಆ ಮೊತ್ತದಿಂದ ಭಾಗಿಸಿದರೆ ಪ್ರತಿ ಚದರ ಮೀಟರಿಗೆ ಹೊರಗೆ ಹೋಗುವ ಶಾಖ q ಸಿಗುತ್ತದೆ.

```
q = (T1 - T2) / (L1/k1 + L2/k2 + L3/k3 + 1/h)
```

ಫೈರ್ ಬ್ರಿಕ್‌ಗೆ k 1.2, ಇನ್ಸುಲೇಷನ್ ಇಟ್ಟಿಗೆಗೆ 0.25 ಅಂತ ಹಿಡಿದೆ. ದಪ್ಪ ಎರಡಕ್ಕೂ ಒಂದೇ. ಆದರೆ ಅಡ್ಡಿ ಮೊದಲನೆಯದಕ್ಕೆ 0.096, ಎರಡನೆಯದಕ್ಕೆ 0.46. ಅಂದರೆ ಬೆಂಕಿಯ ಎದುರು ನಿಂತ ಇಟ್ಟಿಗೆ ಶಾಖವನ್ನು ಹೆಚ್ಚೇನೂ ತಡೆಯುವುದಿಲ್ಲ. ಅದು ತಡೆಯುವುದು ಬೆಂಕಿ ಮತ್ತು ಸರಕಿನ ಪೆಟ್ಟನ್ನು. ಶಾಖ ತಡೆಯುವ ಕೆಲಸವೆಲ್ಲ ಹಿಂದಿನ ಇಟ್ಟಿಗೆಯದ್ದು. ಉಕ್ಕಿನ ತಗಡಿನ ಅಡ್ಡಿ ಎಷ್ಟು ಚಿಕ್ಕದು ಅಂದರೆ ಲೆಕ್ಕದಿಂದ ಬಿಟ್ಟರೂ ಏನೂ ಬದಲಾಗುವುದಿಲ್ಲ. ಒಳಗಡೆ ಗಾಳಿಯಿಂದ ಗೋಡೆಗೆ ಇರುವ ಅಡ್ಡಿಯನ್ನೂ ಬಿಟ್ಟೆ. 950 ಡಿಗ್ರಿಯಲ್ಲಿ ವಿಕಿರಣವೇ ಜೋರಾಗಿರುವುದರಿಂದ ಗೋಡೆಯ ಮೈ ಹೆಚ್ಚುಕಮ್ಮಿ ಕುಲುಮೆಯಷ್ಟೇ ಬಿಸಿ ಇರುತ್ತದೆ.

ತೊಂದರೆ ಕೊಡುವುದು ಹೊರಗಿನ h. ಅದು ಸ್ಥಿರವಾದ ಅಂಕಿ ಅಲ್ಲ. ತಗಡು ಬಿಸಿಯಾದಷ್ಟೂ ಅದರಿಂದ ಗಾಳಿ ಜೋರಾಗಿ ಮೇಲೇಳುತ್ತದೆ, ವಿಕಿರಣವೂ ಹೆಚ್ಚುತ್ತದೆ. ಹಾಗಾಗಿ ಮೊದಲು ತಗಡಿನ ತಾಪಮಾನ ಊಹಿಸಬೇಕು. ಅದಕ್ಕೆ ತಕ್ಕ h ಹಾಕಿ ಲೆಕ್ಕ ಮಾಡಬೇಕು. ಬಂದ ಉತ್ತರ ಊಹೆಗೆ ಹೊಂದದಿದ್ದರೆ ಮತ್ತೊಮ್ಮೆ. ಮೂರನೇ ಸುತ್ತಿನಲ್ಲಿ ನನಗೆ h 15ರ ಹತ್ತಿರ ನಿಂತಿತು. ಪ್ರತಿ ಚದರ ಮೀಟರಿಗೆ ಸುಮಾರು 1480 ವ್ಯಾಟ್ ಹೊರಗೆ ಹೋಗುತ್ತಿದೆ, ತಗಡು 128 ಡಿಗ್ರಿ ಇರಬೇಕು ಅಂತ ಬಂತು.

ಈಗ ಅಳತೆ. ಗೋಡೆಯ ನಡುಭಾಗಕ್ಕೆ ಥರ್ಮೋಕಪಲ್ ಒತ್ತಿ ಹಿಡಿದಾಗ 131 ಬಂತು. ಲೆಕ್ಕಕ್ಕೆ ತುಂಬಾ ಹತ್ತಿರ. ಆದರೆ ಬಾಗಿಲಿನ ಮೂಲೆಯಲ್ಲಿ 190! ಅಲ್ಲೂ ಇಟ್ಟಿಗೆ ಅದೇ, ದಪ್ಪವೂ ಅದೇ. ಇಂಥ ಕಡೆ ಸುಮ್ನೆ ಇನ್ಸುಲೇಷನ್ ಜಾಸ್ತಿ ಮಾಡಿದರೆ ಉಪಯೋಗವಿಲ್ಲ. ಲೆಕ್ಕಕ್ಕಿಂತ ಇಷ್ಟೊಂದು ಹೆಚ್ಚು ಬಂದರೆ ಶಾಖ ಇಟ್ಟಿಗೆಯ ಮೂಲಕವಷ್ಟೇ ಬರುತ್ತಿಲ್ಲ, ಬಿಸಿ ಗಾಳಿ ನೇರವಾಗಿ ಯಾವುದೋ ಸಂದಿನಿಂದ ಹಿಂದಕ್ಕೆ ನುಗ್ಗುತ್ತಿದೆ ಅಂತ ಅರ್ಥ. ಬಿಚ್ಚಿ ನೋಡಿದಾಗ ಗೊತ್ತಾಯಿತು. ಮೂಲೆಯ ಗಾರೆ ಉದುರಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಹಿಂದಿನ ಇಟ್ಟಿಗೆಯ ಮೈ ಮೇಲೆ ಗಾಳಿ ಓಡಾಡಿದ ಕಪ್ಪು ಗೆರೆ ಇತ್ತು.

ನಮ್ಮ ವೆಲ್ಡರ್ ಒಂದು ಸುಲಭದ ದಾರಿ ಹೇಳಿದ. "ಸಾರ್, ಇಟ್ಟಿಗೆ ಕೀಳೋದು ಯಾಕೆ? ಹೊರಗಡೆಯಿಂದ 50 ಮಿಮೀ ರಾಕ್‌ವುಲ್ ಸುತ್ತಿ ಮೇಲೆ ತಗಡು ಹೊಡೆದುಬಿಟ್ಟರೆ ಸಾಕಲ್ವಾ?" ಎರಡು ದಿನದಲ್ಲಿ ಮುಗಿಯುವ ಕೆಲಸ. ನನಗೂ ಆಸೆಯಾಯಿತು. ಒಪ್ಪುವ ಮುಂಚೆ ಲೆಕ್ಕ ಹಾಕಿದೆ.

ರಾಕ್‌ವುಲ್ ಅಂದರೆ ಕಲ್ಲಿನ ನಾರಿನ ಉಣ್ಣೆ. ಆ ಬಿಸಿಯಲ್ಲಿ ಅದರ k ಸುಮಾರು 0.1. ಅದರ ಅಡ್ಡಿ 0.5 ಸೇರಿಸಿದೆ. ಹೊರಗೆ ಹೋಗುವ ಶಾಖ ಸುಮಾರು 810 ವ್ಯಾಟಿಗೆ ಇಳಿಯಿತು. ಹೊಸ ಹೊರ ತಗಡು 90 ಡಿಗ್ರಿ ಆಸುಪಾಸು ಬಂತು. ಇಷ್ಟೇ ನೋಡಿದ್ದರೆ ಖುಷಿಯಾಗಿ ಒಪ್ಪಿಬಿಡುತ್ತಿದ್ದೆ. ಆದರೆ ನಡುವಿನ ತಾಪಮಾನವನ್ನೂ ನೋಡಬೇಕು. 950ರಿಂದ ಶುರುಮಾಡಿ ಪ್ರತಿ ಪದರದಲ್ಲೂ q ಗುಣಿಸು ಅಡ್ಡಿಯಷ್ಟು ಕಳೆಯುತ್ತಾ ಹೋದರೆ ಪ್ರತಿ ಕೂಡುಜಾಗದ ತಾಪಮಾನ ಸಿಗುತ್ತದೆ. ಫೈರ್ ಬ್ರಿಕ್‌ನಲ್ಲಿ 78 ಇಳಿಯಿತು. ಇನ್ಸುಲೇಷನ್ ಇಟ್ಟಿಗೆಯಲ್ಲಿ 373 ಇಳಿಯಿತು. ಉಳಿದದ್ದು ಸುಮಾರು 500. ಅಂದರೆ ಇಷ್ಟು ದಿನ 130 ಡಿಗ್ರಿಯಲ್ಲಿದ್ದ ಮೂಲ ಉಕ್ಕಿನ ತಗಡು ಈಗ 500 ಡಿಗ್ರಿಯಲ್ಲಿ ಇರುತ್ತದೆ!

ಅಷ್ಟು ಬಿಸಿಯಲ್ಲಿ ಉಕ್ಕು ಮೀಟರಿಗೆ ಸುಮಾರು 6 ಮಿಮೀ ಹಿಗ್ಗುತ್ತದೆ. ಅದರ ಬಲವೂ ಬಹಳ ಕುಗ್ಗುತ್ತದೆ. ಇಡೀ ಇಟ್ಟಿಗೆಯ ಗೋಡೆ ಅದಕ್ಕೇ ಒರಗಿ ನಿಂತಿದೆ. ಬಾಗಿಲಿನ ಚೌಕಟ್ಟು ಸೊಟ್ಟಗಾಗುತ್ತದೆ, ವೆಲ್ಡ್ ಬಿರಿಯುತ್ತದೆ. ಹೊರಗೆ ಮುಚ್ಚಿದ ಬಿಸಿ ಎಲ್ಲೂ ಮಾಯವಾಗುವುದಿಲ್ಲ. ಒಳಗಿನ ಪ್ರತಿ ಪದರವೂ ಮೊದಲಿಗಿಂತ ಬಿಸಿಯಾಗುತ್ತದೆ. ಕುಲುಮೆಯ ತಗಡಿಗೆ ಹೊರಗಿನಿಂದ ಹೊದಿಕೆ ಹಾಕಬಾರದು ಅನ್ನುವುದಕ್ಕೆ ಇದೇ ಕಾರಣ. ಅಂಕಿಗಳನ್ನು ತೋರಿಸಿದ ಮೇಲೆ ವೆಲ್ಡರ್‌ಗೂ ಸರಿ ಅನ್ನಿಸಿತು.

ಹಾಗಾಗಿ ಇಟ್ಟಿಗೆ ಕಿತ್ತು, ತಗಡಿನ ಒಳಮೈಗೆ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಕೂರಿಸಿ, ಮತ್ತೆ ಇಟ್ಟಿಗೆ ಕಟ್ಟುವುದು ಅಂತ ತೀರ್ಮಾನವಾಯಿತು. ಒಳಗಿನ ಜಾಗ ಸ್ವಲ್ಪ ಕಿರಿದಾಗುತ್ತದೆ. ನಮ್ಮ ಟ್ರೇ ಚಿಕ್ಕದಾದ್ದರಿಂದ ತೊಂದರೆ ಇರಲಿಲ್ಲ. ಉಳಿದ ಪ್ರಶ್ನೆ ಬೋರ್ಡಿನ ದಪ್ಪ ಎಷ್ಟು ಅನ್ನುವುದು.

ನಾವು ತಂದ ಬೋರ್ಡ್ 650 ಡಿಗ್ರಿವರೆಗೆ ತಡೆಯುವಂಥದ್ದು, k 0.09. ಈ k ಯಾವ ತಾಪಮಾನಕ್ಕೆ ಕೊಟ್ಟಿದ್ದು ಅಂತ ನೋಡಲೇಬೇಕು. ಕೋಣೆಯ ತಾಪಮಾನಕ್ಕೆ ಕೊಟ್ಟ ಅಂಕಿ ಚಿಕ್ಕದಾಗಿ ಚೆನ್ನಾಗಿ ಕಾಣುತ್ತದೆ. ಆದರೆ ಕೆಲಸ ಮಾಡುವಾಗ ಬೋರ್ಡಿನ ಸರಾಸರಿ ತಾಪಮಾನ 300 ಡಿಗ್ರಿ ಇರುತ್ತದೆ, ಆ ಮಟ್ಟದ ಅಂಕಿಯೇ ಬೇಕು.

50 ಮಿಮೀ ಹಾಕಿದರೆ ಶಾಖ 1480ರಿಂದ 772 ವ್ಯಾಟಿಗೆ ಇಳಿಯುತ್ತದೆ, ತಗಡು 91 ಡಿಗ್ರಿ. ಬೋರ್ಡಿನ ಬಿಸಿ ಮೈ 521. ಪರವಾಗಿಲ್ಲ. 75 ಮಿಮೀ ಹಾಕಿದರೆ ತಗಡು 82, ಬೋರ್ಡಿನ ಬಿಸಿ ಮೈ 603. ಮಿತಿಯ ಹತ್ತಿರ ಬಂತು. 100 ಮಿಮೀ ಹಾಕಿದರೆ ತಗಡು 74, ಆದರೆ ಬೋರ್ಡಿನ ಬಿಸಿ ಮೈ 658. ಮಿತಿ ದಾಟಿತು. ದಪ್ಪ ಬೋರ್ಡ್ ತನ್ನ ದಪ್ಪದಿಂದಲೇ ತಾನು ಸುಡುತ್ತದೆ! ಸುಟ್ಟ ಬೋರ್ಡ್ ಕುಗ್ಗುತ್ತದೆ, ಬಿರಿಯುತ್ತದೆ, ಆ ಸಂದಿನಲ್ಲಿ ಮತ್ತೆ ಬಿಸಿ ಗಾಳಿ ಓಡಾಡುತ್ತದೆ. ಮೂಲೆಯಲ್ಲಿ ಆಗಿದ್ದ ಕಥೆಯೇ ಇಡೀ ಗೋಡೆಗೆ ಆಗುತ್ತದೆ.

75 ಮಿಮೀ ಲೆಕ್ಕದಲ್ಲಿ ಪಾಸಾದರೂ ನಾನು ಬಿಟ್ಟೆ. ನನ್ನ k ಅಂಕಿಗಳಲ್ಲಿ ನೂರಕ್ಕೆ ಹತ್ತು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಬೆಂಕಿಯ ಕಡೆಯ ಇಟ್ಟಿಗೆ ಒಂದೆರಡು ವರ್ಷದಲ್ಲಿ ಸವೆದು ತೆಳುವಾದರೆ ಬೋರ್ಡಿನ ಬಿಸಿ ಇನ್ನೂ ಏರುತ್ತದೆ. ಆ 47 ಡಿಗ್ರಿ ಅಂತರ ಇದಕ್ಕೆಲ್ಲ ಸಾಲದು. 50 ಮಿಮೀ ಅಂತ ಗಟ್ಟಿ ಮಾಡಿದೆವು. 91 ಡಿಗ್ರಿ ಕೈ ಇಡುವಂಥದ್ದಲ್ಲ. ಹಾಗಾಗಿ ತಗಡಿನಿಂದ ಸ್ವಲ್ಪ ದೂರದಲ್ಲಿ, ನಡುವೆ ಗಾಳಿ ಧಾರಾಳವಾಗಿ ಹಾಯುವಂತೆ, ಜಾಲರಿ ತಡೆಯೊಂದನ್ನು ನಿಲ್ಲಿಸಿದೆವು.

ಕಟ್ಟುವಾಗ ಎರಡು ವಿಷಯಕ್ಕೆ ಹೆಚ್ಚು ಸಮಯ ಕೊಟ್ಟೆವು. ಒಂದು, ಗಾರೆ. ಇಟ್ಟಿಗೆಗಳ ನಡುವೆ 2 ಮಿಮೀ ಮೀರದಂತೆ ತೆಳುವಾಗಿ ಹಚ್ಚಿದೆವು. ಮುಂದಿನ ಸಾಲಿನ ಸಂದು ಮತ್ತು ಹಿಂದಿನ ಸಾಲಿನ ಸಂದು ಒಂದೇ ಗೆರೆಯಲ್ಲಿ ಬರದಂತೆ ನೋಡಿಕೊಂಡೆವು. ಇನ್ನೊಂದು, ಹಿಗ್ಗುವ ಜಾಗ. ಫೈರ್ ಬ್ರಿಕ್ 950 ಡಿಗ್ರಿಗೆ ಮೀಟರಿಗೆ 5ರಿಂದ 6 ಮಿಮೀ ಹಿಗ್ಗುತ್ತದೆ. ಮೂಲೆಗಳಲ್ಲಿ ಅಷ್ಟು ಸಂದು ಬಿಟ್ಟು ಸೆರಾಮಿಕ್ ಫೈಬರ್ ತುಂಬಿದೆವು. ಹಳೆಯ ಗೋಡೆಯಲ್ಲಿ ಈ ಜಾಗವೇ ಇರಲಿಲ್ಲ. ಮೂಲೆ ಬಿರಿದದ್ದು ಅದಕ್ಕೇ ಅಂತ ನನ್ನ ತೀರ್ಮಾನ. ಫೈಬರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಹಾಕಿಯೇ ತುಂಬಿದೆವು.

ಗಾರೆಯ ನೀರು ಆರಲು ಮೊದಲ ಬೆಂಕಿಯನ್ನು 120 ಡಿಗ್ರಿ ಹತ್ತಿರ ಇಡೀ ರಾತ್ರಿ ನಿಲ್ಲಿಸಿದೆವು. ಆಮೇಲೆ ಗಂಟೆಗೆ 50 ಡಿಗ್ರಿಯಂತೆ ಏರಿಸಿದೆವು. 950 ಮುಟ್ಟಿ ನಾಲ್ಕು ಗಂಟೆಯಾದಾಗ ತಗಡು ಬರೀ 55 ಡಿಗ್ರಿ ತೋರಿಸಿತು. ಲೆಕ್ಕಕ್ಕಿಂತ ಎಷ್ಟೋ ಚೆನ್ನಾಗಿ ಬಂತು ಅಂತ ಎಲ್ಲರಿಗೂ ಸಂತೋಷ. ಆದರೆ ಅದು ನಿಜವಾದ ಅಂಕಿ ಅಲ್ಲ. ಈ ಸೂತ್ರ ಹೇಳುವುದು ಎಲ್ಲ ಪದರಗಳೂ ಕಾಯ್ದು ಸ್ಥಿರವಾದ ಮೇಲಿನ ಮಾತು. ಇನ್ಸುಲೇಷನ್ ಇಟ್ಟಿಗೆ ಒಂದೇ ಪೂರ್ತಿ ಕಾಯಲು ಹತ್ತು ಹನ್ನೆರಡು ಗಂಟೆ ಬೇಕು. ಮರುದಿನ ಬೆಳಿಗ್ಗೆ ಅಳೆದಾಗ ನಡುಭಾಗದಲ್ಲಿ 94, ಬಾಗಿಲಿನ ಮೂಲೆಯಲ್ಲಿ 99. ಈಗ ಲೆಕ್ಕಕ್ಕೆ ಸರಿ ಬಂತು. ಮೂಲೆಯೂ ಗೋಡೆಯಂತೆಯೇ ವರ್ತಿಸುತ್ತಿದೆ ಅನ್ನುವುದೇ ನನಗೆ ಹೆಚ್ಚು ನೆಮ್ಮದಿ ಕೊಟ್ಟಿತು.

ಇನ್ನು ಪೈಪ್. ಹೊರ ವ್ಯಾಸ 60 ಮಿಮೀ, ಉದ್ದ 8 ಮೀಟರ್, ಒಳಗೆ 250 ಡಿಗ್ರಿಯ ಎಣ್ಣೆ. ಬರಿಮೈಯಲ್ಲಿ ಇದು ಮೀಟರಿಗೆ ಸುಮಾರು 1030 ವ್ಯಾಟ್ ಕಳೆದುಕೊಳ್ಳುತ್ತಿತ್ತು. ಎಂಟು ಮೀಟರಿಗೆ 8 ಕಿಲೋವ್ಯಾಟಿಗಿಂತ ಜಾಸ್ತಿ.

ಗೋಡೆಯ ಸೂತ್ರ ಇಲ್ಲಿ ನಡೆಯುವುದಿಲ್ಲ. ಗೋಡೆಯಲ್ಲಿ ಶಾಖ ದಾಟುವ ವಿಸ್ತೀರ್ಣ ಒಳಗೂ ಹೊರಗೂ ಒಂದೇ. ಪೈಪಿನಲ್ಲಿ ಹೊರಗೆ ಹೋದಂತೆ ಸುತ್ತಳತೆ ಬೆಳೆಯುತ್ತದೆ, ಶಾಖಕ್ಕೆ ದಾರಿ ಅಗಲವಾಗುತ್ತದೆ. ಹಾಗಾಗಿ ಹೊರಗಿನ ಪ್ರತಿ ಮಿಲಿಮೀಟರ್ ಒಳಗಿನ ಮಿಲಿಮೀಟರಿನಷ್ಟು ತಡೆಯುವುದಿಲ್ಲ. ಸೂತ್ರದಲ್ಲಿ ದಪ್ಪದ ಬದಲು ಲಾಗರಿದಮ್ ಬರುವುದು ಇದಕ್ಕೇ.

```
q/L = 2*pi*(T1 - T2) / ( ln(r2/r1)/k + 1/(h*r2) )
```

ರಾಕ್‌ವುಲ್‌ನ ಪೈಪ್ ಸೆಕ್ಷನ್‌ಗೆ 150 ಡಿಗ್ರಿ ಸರಾಸರಿಯಲ್ಲಿ k 0.055 ಹಿಡಿದೆ. ಪೈಪಿನ ಹೊರ ತ್ರಿಜ್ಯ r1 30 ಮಿಮೀ, ಹೊದಿಕೆಯೂ ಸೇರಿದ ತ್ರಿಜ್ಯ r2. 25 ಮಿಮೀ ದಪ್ಪಕ್ಕೆ ನಷ್ಟ ಮೀಟರಿಗೆ 110 ವ್ಯಾಟ್, ಹೊರಮೈ 57 ಡಿಗ್ರಿ. 50 ಮಿಮೀಗೆ 73 ವ್ಯಾಟ್, ಹೊರಮೈ 44. 75 ಮಿಮೀಗೆ 58 ವ್ಯಾಟ್, 100 ಮಿಮೀಗೆ 50 ವ್ಯಾಟ್.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಮೊದಲ 25 ಮಿಮೀ ಉಳಿಸಿದ್ದು 920 ವ್ಯಾಟ್. ಎರಡನೆಯ 25 ಉಳಿಸಿದ್ದು 37. ಮೂರನೆಯದು 15, ನಾಲ್ಕನೆಯದು ಬರೀ 8. ಆದರೆ ಉಂಗುರ ದೊಡ್ಡದಾಗುತ್ತಾ ಹೋಗುವುದರಿಂದ ಉಣ್ಣೆ ಜಾಸ್ತಿ ಬೇಕಾಗುತ್ತದೆ. ನಾಲ್ಕನೆಯ ಸುತ್ತಿಗೆ ಮೊದಲ ಸುತ್ತಿನ 2.8 ಪಟ್ಟು ಸಾಮಾನು ಬೇಕು, ಸಿಗುವುದು 8 ವ್ಯಾಟ್. ಮೊದಲ ಸುತ್ತು ಹಾಕದಿರುವುದು ತಪ್ಪು, ನಾಲ್ಕನೆಯದು ಹಾಕುವುದು ದಂಡ. 25 ಮತ್ತು 50ರ ನಡುವೆ 50 ಆರಿಸಿದ್ದಕ್ಕೆ ಶಾಖಕ್ಕಿಂತ ಹೊರಮೈಯ ತಾಪಮಾನವೇ ಕಾರಣ. ಪೈಪ್ ಕೈಗೆ ಎಟಕುವ ಎತ್ತರದಲ್ಲಿದೆ. 57 ಡಿಗ್ರಿಯ ಲೋಹಕ್ಕೆ ಕೈ ತಗುಲಿ ಹಾಗೇ ಇದ್ದರೆ ಸುಡುತ್ತದೆ.

ಸಣ್ಣ ಪೈಪಿಗೆ ಹೊದಿಕೆ ಹಾಕಿದರೆ ನಷ್ಟ ಹೆಚ್ಚಾಗಬಹುದು ಅನ್ನುವ ಮಾತು ಕೇಳಿರುತ್ತೀರಿ. ಅದು ನಿಜ. ಆದರೆ ಪೈಪಿನ ಹೊರ ತ್ರಿಜ್ಯ k/h ಗಿಂತ ಕಡಿಮೆ ಇದ್ದಾಗ ಮಾತ್ರ. ನಮ್ಮದರಲ್ಲಿ k/h ಸುಮಾರು 5.5 ಮಿಮೀ, ತ್ರಿಜ್ಯ 30. ಹಾಗಾಗಿ ಭಯವಿಲ್ಲ. ಆದರೆ ಪ್ರೆಶರ್ ಗೇಜಿಗೆ ಹೋಗುವ 6 ಮಿಮೀ ನಳಿಕೆಗೆ ಯಾರೋ 5 ಮಿಮೀ ಫೈಬರ್ ಹಗ್ಗ ಸುತ್ತಿದ್ದರು. ಹಗ್ಗದ k 0.15 ಇರುವುದರಿಂದ, ಲೆಕ್ಕ ಮಾಡಿದರೆ ಅದರಿಂದ ಹೇಳಿಕೊಳ್ಳುವಂಥ ಉಳಿತಾಯವೇನೂ ಇಲ್ಲ. ಕೈ ಸುಡದಿರಲಿ ಅಂತ ಇರಲಿ ಬಿಟ್ಟೆವು, ಶಾಖ ಉಳಿಸುತ್ತದೆ ಅಂತಲ್ಲ.

50 ಮಿಮೀಯನ್ನು ಒಂದೇ ಸುತ್ತಿನಲ್ಲಿ ಹಾಕಲಿಲ್ಲ. 25ರ ಎರಡು ಸುತ್ತು ಹಾಕಿ, ಒಳಗಿನ ಸಂದಿನ ಮೇಲೆ ಹೊರಗಿನ ಸಂದು ಬರದಂತೆ ತಿರುಗಿಸಿ ಕೂರಿಸಿದೆವು. ಎಣ್ಣೆಯ ಫ್ಲ್ಯಾಂಜ್‌ಗಳನ್ನು ಮಾತ್ರ ಬೇಕಂತಲೇ ಮುಚ್ಚಲಿಲ್ಲ. ಥರ್ಮಿಕ್ ಎಣ್ಣೆ ಸೋರಿ ಉಣ್ಣೆಯೊಳಗೆ ಹೀರಿಕೊಂಡರೆ, ಅದು ಹರಡಿ ಗಾಳಿಯೊಂದಿಗೆ ಸೇರಿ ಒಳಗೇ ನಿಧಾನವಾಗಿ ಕಾಯುತ್ತಾ ಬೆಂಕಿ ಹಿಡಿಯಬಲ್ಲದು. ಫ್ಲ್ಯಾಂಜ್ ಬರಿದಾಗಿದ್ದರೆ ಸೋರಿಕೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ಹೋಗುವ ಸ್ವಲ್ಪ ಶಾಖ ಹೋಗಲಿ.

ಮೊದಲ ದಿನ ಬಿಸಿಯಾದಾಗ ಉಣ್ಣೆಯಿಂದ ಹೊಗೆ ಮತ್ತು ಘಾಟು ಬಂತು. ಹುಡುಗರು ಗಾಬರಿಯಾದರು. ಎಣ್ಣೆ ಸೋರಿದೆಯೇ ಅಂತ ಫ್ಲ್ಯಾಂಜ್‌ಗಳನ್ನೆಲ್ಲ ನೋಡಿದೆವು, ಒಣಗಿದ್ದವು. ಪೈಪಿಗೆ ತಾಗಿದ ಪದರದಲ್ಲಿ ನಾರುಗಳನ್ನು ಅಂಟಿಸಿರುವ ಬೈಂಡರ್ ಉರಿದುಹೋಗುವಾಗ ಹೀಗಾಗುತ್ತದೆ. ಕಿಟಕಿಗಳನ್ನು ತೆರೆದಿಟ್ಟೆವು. ಎರಡನೇ ದಿನ ನಿಂತಿತು.

ಕೊನೆಗೆ ಹೊಳೆಯುವ ಅಲ್ಯುಮಿನಿಯಂ ತಗಡು ಹೊದಿಸಿ, ಇನ್‌ಫ್ರಾರೆಡ್ ಗನ್ನಿನಿಂದ ಅಳೆದೆ. 34 ಡಿಗ್ರಿ ತೋರಿಸಿತು. ಲೆಕ್ಕ ಹೇಳಿದ್ದು 44. ಕೈ ಇಟ್ಟರೆ ಎರಡಕ್ಕಿಂತಲೂ ಬಿಸಿ ಅನ್ನಿಸಿತು! ಗನ್ ನೋಡುವುದು ಮೈಯಿಂದ ಬರುವ ವಿಕಿರಣವನ್ನು. ಹೊಳೆಯುವ ಲೋಹ ತಾನು ಸೂಸುವುದು ತೀರಾ ಕಡಿಮೆ, ಸುತ್ತಲಿನ ಗೋಡೆಗಳನ್ನೇ ಕನ್ನಡಿಯಂತೆ ತೋರಿಸುತ್ತದೆ. ಒಂದು ಕಪ್ಪು ಟೇಪಿನ ತುಂಡು ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೆದಾಗ 54 ಬಂತು.

ಹಾಗಾದರೆ 44 ಯಾಕೆ ತಪ್ಪಾಯಿತು? ನಾನು h ಲೆಕ್ಕ ಹಾಕಿದ್ದು ಪೇಂಟ್ ಹೊಡೆದ ಮೈಗೆ, 10ರ ಹತ್ತಿರ. ಹೊಳೆಯುವ ಮೈ ವಿಕಿರಣದಿಂದ ಹೆಚ್ಚೇನೂ ಶಾಖ ಬಿಡುವುದಿಲ್ಲ. ಹಾಗಾಗಿ h 5.4ಕ್ಕೆ ಇಳಿಯುತ್ತದೆ. ಹೊಸ h ಹಾಕಿದರೆ ನಷ್ಟ 73ರಿಂದ 69 ವ್ಯಾಟಿಗೆ ಇಳಿಯುತ್ತದೆ, ಹೊರಮೈ ಮಾತ್ರ 55ಕ್ಕೆ ಏರುತ್ತದೆ. ಟೇಪ್ ಹೇಳಿದ್ದು ಸರಿಯಾಗಿಯೇ ಇತ್ತು. ನಾವು ದಪ್ಪ ಆರಿಸಿದ್ದೇ ಕೈ ಸುಡಬಾರದು ಅಂತ. ನಾಲ್ಕು ವ್ಯಾಟ್ ಉಳಿಸಲು ಹನ್ನೊಂದು ಡಿಗ್ರಿ ಜಾಸ್ತಿ ಬಿಸಿ ಒಪ್ಪಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಕೈಗೆ ಎಟಕುವ 3 ಮೀಟರ್ ಉದ್ದಕ್ಕೆ ತಗಡಿನ ಮೇಲೆ ಹೊಳಪಿಲ್ಲದ ಬೂದು ಪೇಂಟ್ ಹೊಡೆದೆವು. ಮರುದಿನ ಅಲ್ಲಿ 45 ಬಂತು. ಮೇಲೆ ಹೋಗುವ ಉಳಿದ 5 ಮೀಟರನ್ನು ಹೊಳೆಯುವ ಹಾಗೇ ಬಿಟ್ಟಿದ್ದೇವೆ.